ನಿಷೇಧದ ಬೆನ್ನಿಗೆ ಕ್ರಿಯಾಪದ: ಇಂಗ್ಲಿಷಿನ ಒಂದು ಪದಕ್ರಮದ ಚರಿತ್ರೆ

‘ಐ ಹ್ಯಾಡ್ ಹಾರ್ಡ್ಲಿ ಸ್ಯಾಟ್’ ಎಂಬುದು ಇಂಗ್ಲಿಷಿನ ಸಾಮಾನ್ಯ ಪದಕ್ರಮ. ‘ಹಾರ್ಡ್ಲಿ’ಯನ್ನು ವಾಕ್ಯದ ಮೊದಲಿಗೆ ತಂದೊಡನೆ ಅದು ‘ಹಾರ್ಡ್ಲಿ ಹ್ಯಾಡ್ ಐ ಸ್ಯಾಟ್’ ಎಂದಾಗುತ್ತದೆ. ಕರ್ತೃಪದವಾದ ‘ಐ’ ಹಿಂದೆ ಸರಿದು ಸಹಾಯಕ ಕ್ರಿಯಾಪದ ಅದರ ಮುಂದೆ ನಿಲ್ಲುತ್ತದೆ. ‘ನೆವರ್’ ಮತ್ತು ‘ನೋ ಸೂನರ್’ ಪದಗಳ ಬೆನ್ನಿಗೂ ಹೀಗೆಯೇ. ಒತ್ತು ಕೊಡುವುದಕ್ಕಾಗಿ ಮಾಡಿದ ಅಲಂಕಾರವಿದು ಎಂದು ಶಾಲಾ ವ್ಯಾಕರಣಗಳು ಸಾಮಾನ್ಯವಾಗಿ ಹೇಳುತ್ತವೆ. ಒತ್ತಿಗಾಗಿ ಬೇರೆ ಪದವನ್ನು ಮೊದಲಿಗೆ ತಂದರೆ ಪಲ್ಲಟವಾಗುವುದಿಲ್ಲ. ‘ಯಸ್ಟರ್‌ಡೇ ಐ ಕೇಮ್’ ಎಂದೇ ಹೇಳುತ್ತೇವೆ. ಆದುದರಿಂದ ಇದರ ಕಾರಣವನ್ನು ನಾವು ಭಾಷೆಯ ಚರಿತ್ರೆಯಲ್ಲಿ ಅರಸಬೇಕಾಗುತ್ತದೆ.

ಸುಮಾರು ಸಾವಿರ ವರ್ಷಗಳ ಹಿಂದಿನ ಪ್ರಾಚೀನ ಇಂಗ್ಲಿಷಿನಲ್ಲಿ ಈ ಪಲ್ಲಟ ವಿಶೇಷವಾದುದೇನೂ ಆಗಿರಲಿಲ್ಲ. ಇಂದಿನ ಜರ್ಮನ್ ಭಾಷೆಯಲ್ಲಿರುವಂತೆ, ಬೇರೊಂದು ಪದ ವಾಕ್ಯದ ಮೊದಲಿಗೆ ಬಂದರೆ ಕ್ರಿಯಾಪದವು ಎರಡನೆಯ ಸ್ಥಾನವನ್ನು ಹಿಡಿಯುವ ಒಲವು ಅದರಲ್ಲಿತ್ತು. ‘ಆಗ ಅರಸನು ಬಂದನು’ ಎಂಬುದಕ್ಕೆ ‘ಥಾ ಕೋಮ್ ಸೇ ಕ್ಯುನಿಂಗ್’, ಅಂದರೆ ‘ಆಗ ಬಂದನು ಅರಸನು’ ಎಂಬ ಕ್ರಮ. ಆದರೆ ಕರ್ತೃಪದವು ಸರ್ವನಾಮವಾಗಿದ್ದರೆ ಅನೇಕ ಕಡೆ ಅದು ಕ್ರಿಯಾಪದದ ಮುಂದೆಯೇ ಉಳಿಯುತ್ತಿತ್ತು. ಪ್ರಶ್ನಾರ್ಥಕ ಪದಗಳು, ‘ಥಾ’ದಂತಹ ಕೆಲವು ಪದಗಳು ಮತ್ತು ‘ನೆ’ ಎಂಬ ನಿಷೇಧಪದ ಮೊದಲಿಗೆ ಬಂದಾಗ ಮಾತ್ರ ಸರ್ವನಾಮವೂ ಹಿಂದೆ ಸರಿಯುತ್ತಿತ್ತು. ‘ಅವನು ಬರಲಿಲ್ಲ’ ಎನ್ನಲು ‘ನೆ ಕೋಮ್ ಹೇ’ ಎನ್ನುತ್ತಿದ್ದರು. ಪ್ರಶ್ನೆಯೂ ನಿಷೇಧವೂ ಪಲ್ಲಟದ ವಿಷಯದಲ್ಲಿ ಆ ಕಾಲದಿಂದಲೇ ಜೊತೆಗಾರರು ಎಂಬುದು ಗಮನಾರ್ಹ.

ಮಧ್ಯಕಾಲೀನ ಇಂಗ್ಲಿಷಿನ ಕೊನೆಯ ಹೊತ್ತಿಗೆ ಈ ಸಾಮಾನ್ಯ ನಿಯಮ ಸಡಿಲಗೊಂಡು, ಕರ್ತೃಪದವು ಕ್ರಿಯಾಪದಕ್ಕಿಂತ ಮೊದಲು ಬರುವ ಕ್ರಮ ನೆಲೆಗೊಂಡಿತು. ಆದರೆ ನಿಷೇಧದ ಬೆನ್ನಿನ ಪಲ್ಲಟ ಅದರೊಡನೆ ಅಳಿಯಲಿಲ್ಲ. ಟೆರ್ಟು ನೆವಲೈನೆನ್ ಅವರು 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಧುನಿಕ ಇಂಗ್ಲಿಷಿನ ಆರಂಭಕಾಲದಲ್ಲಿ ಇತರ ಕ್ರಿಯಾವಿಶೇಷಣಗಳ ನಂತರ ಪಲ್ಲಟ ಕುಗ್ಗುತ್ತ ಹೋಯಿತು. ನಿಷೇಧಪದಗಳ ನಂತರ ಅದೇ ಪಲ್ಲಟ ಹೆಚ್ಚುತ್ತ ಹೋಗಿ ನಿಯಮವಾಯಿತು. ಹಳೆಯ ಸಾಧನವೊಂದು ಹೊಸ ಕೆಲಸಕ್ಕೆ ಬಳಕೆಯಾಯಿತೆನ್ನಬಹುದು.

ಇದೇ ಕಾಲದಲ್ಲಿ ಮುಖ್ಯ ಕ್ರಿಯಾಪದವು ಕರ್ತೃವನ್ನು ದಾಟಿ ಮುಂದೆ ಹೋಗುವ ಶಕ್ತಿಯನ್ನು ಕಳೆದುಕೊಂಡಿತು. ‘ನೆವರ್ ಸಾ ಐ’ ಎಂಬುದರ ಸ್ಥಾನಕ್ಕೆ ‘ನೆವರ್ ಡಿಡ್ ಐ ಸೀ’ ಬಂದಿತು. ಪ್ರಶ್ನೆಗಳಲ್ಲಿ ‘ಡೂ’ ಸೇರಿಕೊಂಡುದೂ ಇದೇ ಕಾರಣದಿಂದ. ‘ಹಾರ್ಡ್ಲಿ ಹ್ಯಾಡ್ ಐ ಸ್ಯಾಟ್’ನಲ್ಲಿ ‘ಹ್ಯಾಡ್’ ಎಂಬ ಸಹಾಯಕ ಮೊದಲೇ ಇರುವುದರಿಂದ ‘ಡಿಡ್’ನ ಅಗತ್ಯವಿಲ್ಲ.

‘ಹಾರ್ಡ್ಲಿ’ ಹುಟ್ಟಿನಿಂದ ನಿಷೇಧಪದವಲ್ಲ. ಮೊದಲಿಗೆ ‘ಬಲವಾಗಿ’, ಬಳಿಕ ‘ಕಷ್ಟದಿಂದ’, ಕೊನೆಗೆ ‘ಆಗಿಯೂ ಆಗದಂತೆ’ ಎಂದು ಅದರ ಅರ್ಥ ಸಾಗಿಬಂದಿದೆ. ಅರ್ಥ ನಿಷೇಧದತ್ತ ವಾಲಿದ ಮೇಲೆಯೇ ಅದಕ್ಕೆ ಪಲ್ಲಟದ ಹಕ್ಕು ದೊರೆಯಿತು. ಅದರ ಜೊತೆಗೆ ಬರುವ ಪದ ‘ವೆನ್’: ‘ಹಾರ್ಡ್ಲಿ ಹ್ಯಾಡ್ ಐ ಸ್ಯಾಟ್ ವೆನ್ ದ ಬೆಲ್ ರ್‍ಯಾಂಗ್.’ ‘ಸೂನರ್’ ತರತಮ ರೂಪವಾದುದರಿಂದ ‘ನೋ ಸೂನರ್’ ಜೊತೆಗೆ ‘ದ್ಯಾನ್’ ಬರುತ್ತದೆ. ಎರಡರ ಅರ್ಥವೂ ಒಂದೇ ಎನಿಸುವುದರಿಂದ ವಿದ್ಯಾರ್ಥಿಗಳು ಇಲ್ಲಿಯೂ ‘ವೆನ್’ ಬರೆದು ತಪ್ಪುತ್ತಾರೆ.

ನಿಷೇಧಪದ ಮೊದಲಿಗೆ ಬಂದ ಮಾತ್ರಕ್ಕೆ ಪಲ್ಲಟವಾಗುತ್ತದೆಯೇ? ಇಲ್ಲ. ನಿಷೇಧವು ಇಡೀ ವಾಕ್ಯವನ್ನು ವ್ಯಾಪಿಸಬೇಕು. ‘ಇನ್ ನೋ ಟೈಮ್ ಹೀ ಕೇಮ್’ ಎಂದರೆ ಅವನು ಕ್ಷಣಮಾತ್ರದಲ್ಲಿ ಬಂದನು; ‘ಅಟ್ ನೋ ಟೈಮ್ ಡಿಡ್ ಹೀ ಕಮ್’ ಎಂದರೆ ಅವನು ಯಾವಾಗಲೂ ಬರಲಿಲ್ಲ. ಬಂದನೋ ಇಲ್ಲವೋ ಎಂದು ಕೇಳಿಕೊಂಡರೆ ವ್ಯತ್ಯಾಸ ತಿಳಿಯುತ್ತದೆ. ಮೊದಲನೆಯದರಲ್ಲಿ ‘ನೋ’ ಕಾಲದ ಅಳತೆಗಷ್ಟೇ ಸೇರಿದುದರಿಂದ ಕರ್ತೃಪದ ಕದಲಲಿಲ್ಲ. ‘ಹಾರ್ಡ್ಲಿ ಎನಿವನ್ ಕೇಮ್’ನಲ್ಲಿ ‘ಹಾರ್ಡ್ಲಿ’ ಕರ್ತೃಪದದ ಭಾಗವೇ ಆಗಿರುವುದರಿಂದ ಅಲ್ಲಿಯೂ ಪಲ್ಲಟವಿಲ್ಲ.

ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿ ನಿಲ್ಲುತ್ತದೆ. ನಿಷೇಧ ಅದರಲ್ಲಿಯೇ ಬೆರೆತಿರುತ್ತದೆ. ಆದುದರಿಂದ ಈ ಭಾವವನ್ನು ಪದಕ್ರಮದಿಂದಲ್ಲ, ರೂಪದಿಂದ ಹೇಳುತ್ತೇವೆ: ‘ನಾನು ಕುಳಿತೆನೋ ಇಲ್ಲವೋ, ಗಂಟೆ ಬಾರಿಸಿತು.’ ‘ಹಾರ್ಡ್ಲಿ’ಯೊಳಗೆ ಅಡಗಿರುವ ನಿಷೇಧವೇ ನಮ್ಮಲ್ಲಿ ‘ಇಲ್ಲವೋ’ ಎಂದು ಹೊರಗೆ ಕಾಣಿಸಿಕೊಂಡಿದೆ. ‘ಕುಳಿತದ್ದೇ ತಡ’ ಎಂಬ ನುಡಿಗಟ್ಟಾದರೋ ನಿಷೇಧವಿಲ್ಲದೆಯೇ ‘ನೋ ಸೂನರ್’ನ ಕೆಲಸವನ್ನು ಮಾಡುತ್ತದೆ. ಕನ್ನಡಿಗ ವಿದ್ಯಾರ್ಥಿಗೆ ‘ಹ್ಯಾಡ್ ಐ’ ಎಂಬ ಕ್ರಮ ಕಷ್ಟವಾಗುವುದು ಇಂತಹ ಪಲ್ಲಟ ಅವನ ನುಡಿಯಲ್ಲಿಲ್ಲದುದರಿಂದ. ಆದರೆ ‘ಹ್ಯಾಡ್ ಐ ಸ್ಯಾಟ್?’ ಎಂಬ ಪ್ರಶ್ನೆಯ ಕ್ರಮವನ್ನು ಅವನು ಮೊದಲೇ ಕಲಿತಿರುತ್ತಾನೆ. ಅದರ ಮುಂದೆ ‘ಹಾರ್ಡ್ಲಿ’ಯನ್ನಿರಿಸಿದರೆ ವಾಕ್ಯ ಸಿದ್ಧವಾಗುತ್ತದೆ.