ಪಿಂಡ

ಪಿಂಡವೆಂಬ ಶಬ್ದಕ್ಕೆ ಮೂಲದಲ್ಲಿ ಉಂಡೆ, ಮುದ್ದೆ ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಆದರೂ ಬಸಿರಿನಲ್ಲಿ ಮೂಡಿದ ಕೂಸಿಗೂ ಅದೇ ಹೆಸರು, ಸತ್ತವನಿಗೆ ದರ್ಭೆಯ ಮೇಲಿಡುವ ಅನ್ನದುಂಡೆಗೂ ಅದೇ ಹೆಸರು. ಸಿಟ್ಟು ನೆತ್ತಿಗೇರಿದಾಗ ‘ನಿನ್ನ ಪಿಂಡ!’ ಎಂದು ಬೈಯುವವರ ಬಾಯಲ್ಲಿಯೂ ಅದೇ. ಹುಟ್ಟಿಗೂ ಸಾವಿಗೂ ಒಂದೇ ಶಬ್ದ ಸಲ್ಲುವುದು ಆಕಸ್ಮಿಕವಲ್ಲವೆಂಬುದು ಅಪರಕರ್ಮದ ಕ್ರಮವನ್ನು ನೋಡಿದವರಿಗೆ ತಿಳಿಯುತ್ತದೆ.

ದಹನದಿಂದ ದೇಹವನ್ನು ಕಳೆದುಕೊಂಡ ಜೀವ, ವೈದಿಕ ಸಂಪ್ರದಾಯದ ಎಣಿಕೆಯಲ್ಲಿ, ಇನ್ನೂ ಪಿತೃವಾಗಿಲ್ಲ. ಅದು ಪ್ರೇತ, ನಿಲ್ಲಲು ನೆಲೆಯಿಲ್ಲದ್ದು, ಉಣ್ಣಲು ಬಾಯಿಲ್ಲದ್ದು. ಹತ್ತು ದಿನಗಳ ಪಿಂಡಗಳು ಅದಕ್ಕೊಂದು ಮೈಯನ್ನು ಕಟ್ಟಿಕೊಡುತ್ತವೆ. ಗರುಡಪುರಾಣದ ಸಾರೋದ್ಧಾರವು ಹೇಳುವಂತೆ ಮೊದಲನೆಯ ದಿನದ ಪಿಂಡದಿಂದ ತಲೆ, ಎರಡನೆಯದರಿಂದ ಕೊರಳು ಮತ್ತು ಹೆಗಲು, ಮೂರನೆಯದರಿಂದ ಹೃದಯ, ಹೀಗೆ ಬೆನ್ನು ನಾಭಿ ತೊಡೆಗಳನ್ನು ದಾಟಿ ಪಾದದವರೆಗೆ ಅವಯವಗಳು ಕೂಡುತ್ತ ಬರುತ್ತವೆ. ಹತ್ತನೆಯ ದಿನ ಆ ಹೊಸ ದೇಹಕ್ಕೆ ಹಸಿವು ಬಾಯಾರಿಕೆಗಳು ಹುಟ್ಟುತ್ತವೆ. ತಾಯಿ ಹತ್ತು ತಿಂಗಳಲ್ಲಿ ಮಾಡಿದ ಕೆಲಸವನ್ನು ಮಗ ಹತ್ತು ದಿನಗಳಲ್ಲಿ ಮಾಡುತ್ತಾನೆಂಬ ಭಾವ ಇಲ್ಲಿ ಸ್ಪಷ್ಟವಾಗಿದೆ. ಹತ್ತನೆಯ ದಿನ ನದಿಯ ದಡದಲ್ಲಿ ಪಿಂಡವನ್ನಿಟ್ಟು ಕಾಗೆಗಾಗಿ ಕಾಯುವವರನ್ನು ನೋಡಬೇಕು. ಕಾಗೆ ಬಂದು ಸುತ್ತಮುತ್ತ ಕುಳಿತೂ ಮುಟ್ಟದೆ ಹೋದರೆ, ಹಿರಿಯರೊಬ್ಬರು ಮುಂದೆ ಬಂದು, ‘ಮಗಳ ಮದುವೆ ನಾವು ಮಾಡುತ್ತೇವೆ, ನೀನು ಚಿಂತೆ ಬಿಡು’ ಎಂದು ಗಟ್ಟಿಯಾಗಿ ಮಾತು ಕೊಡುತ್ತಾರೆ.

ಆದರೆ ಕಟ್ಟಿದ ಈ ದೇಹವನ್ನು ಹಾಗೆಯೇ ಉಳಿಸುವುದಿಲ್ಲ. ಹನ್ನೆರಡನೆಯ ದಿನದ ಸಪಿಂಡೀಕರಣದಲ್ಲಿ ಸತ್ತವನ ಉದ್ದನೆಯ ಪಿಂಡವನ್ನು ಮೂರು ಭಾಗ ಮಾಡಿ, ಅವನ ತಂದೆ, ಅಜ್ಜ, ಮುತ್ತಜ್ಜಂದಿರ ಪಿಂಡಗಳೊಡನೆ ಒಂದೊಂದು ಭಾಗವನ್ನು ಗುರುತು ಉಳಿಯದಂತೆ ಕಲಸುತ್ತಾರೆ. ಅಲ್ಲಿಂದ ಮುಂದೆ ಮುತ್ತಜ್ಜನು ಪಿಂಡದ ಸಾಲಿನಿಂದ ಮೇಲೆ ಸರಿದು, ಕೈಗೆ ಮೆತ್ತಿದ ಅನ್ನದ ಲೇಪವನ್ನಷ್ಟೇ ಪಡೆಯುವ ಹಿರಿಯರ ಗುಂಪನ್ನು ಸೇರುತ್ತಾನೆ. ಮನುಷ್ಯನೆಂದರೆ ವಂಶದಿಂದ ಎರವಲು ಬಂದು ವಂಶಕ್ಕೇ ಮರಳುವ ಒಂದು ಪಾಲು ಎಂಬ ಕಲ್ಪನೆಯನ್ನು ಇದಕ್ಕಿಂತ ಮೂರ್ತವಾಗಿ ತೋರಿಸುವ ವಿಧಿಯನ್ನು ನಾನು ಬೇರೆ ಕಾಣೆ.

ಈ ಶಬ್ದದ ಮೇಲೆ ಆಸ್ತಿಯ ಹಕ್ಕೂ ನಿಂತಿತು. ವಂಗದೇಶದ ಜೀಮೂತವಾಹನನು ಪಿಂಡವೆಂದರೆ ಅರ್ಪಿಸುವ ಅನ್ನವೆಂದು ಹಿಡಿದು, ಪಿಂಡದಿಂದ ಮೃತನಿಗೆ ಉಪಕಾರ ಮಾಡುವವನಿಗೆ ದಾಯವನ್ನು ಸಲ್ಲಿಸಿದನು. ನಮ್ಮ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನಾದರೋ ಪಿಂಡವೆಂದರೆ ಶರೀರವೇ ಎಂದನು. ತಂದೆತಾಯಿಗಳ ಶರೀರಾವಯವಗಳು ಮಕ್ಕಳಲ್ಲಿ ಅನುವರ್ತಿಸುವುದರಿಂದಲೇ ಅವರು ಸಪಿಂಡರು. ಹಾಗಾದರೆ ಅನಾದಿಯಾದ ಸಂಸಾರದಲ್ಲಿ ಎಲ್ಲರೂ ಎಲ್ಲರಿಗೂ ಹೇಗೋ ಸಪಿಂಡರಾಗಿಬಿಡುವರಲ್ಲ ಎಂಬ ಆಕ್ಷೇಪವನ್ನು ಆತನೇ ಎತ್ತಿಕೊಂಡು, ತಂದೆಯ ಕಡೆ ಏಳು, ತಾಯಿಯ ಕಡೆ ಐದು ತಲೆಗಳಿಗೆ ಎಲ್ಲೆ ಕಟ್ಟಿದನು. 1955ರ ಹಿಂದೂ ವಿವಾಹ ಕಾಯಿದೆಯು ಅದನ್ನು ಐದು ಮತ್ತು ಮೂರಕ್ಕೆ ಇಳಿಸಿ ಶಬ್ದವನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿತು.

ಜೈನರಲ್ಲಿ ಪ್ರೇತಕ್ಕೆ ಮೈ ಕಟ್ಟಿಕೊಡುವ ಆ ಹತ್ತು ದಿನಗಳಿಗೆ ಅವಕಾಶವೇ ಇಲ್ಲ. ಸತ್ತ ಜೀವವು ಮುಂದಿನ ಜನ್ಮಸ್ಥಾನವನ್ನು ಕೆಲವೇ ಸಮಯಗಳಲ್ಲಿ ಸೇರುತ್ತದೆ. ಸಮಯವೆಂದರೆ ಅವರ ಪರಿಭಾಷೆಯಲ್ಲಿ ಕಾಲದ ಅತ್ಯಂತ ಸೂಕ್ಷ್ಮವಾದ, ಮತ್ತೆ ಒಡೆಯಲಾಗದ ಭಾಗ. ಆ ನಡುವೆ ಅದು ಆಹಾರವನ್ನು ಗ್ರಹಿಸದೆಯೂ ಇರಬಲ್ಲದೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ತನ್ನ ಕರ್ಮವೇ ತನಗೆ ದೇಹವನ್ನು ಒದಗಿಸುವಾಗ ಮಗನಿಟ್ಟ ಅನ್ನಕ್ಕೆ ಅಲ್ಲಿ ಕೆಲಸವಿಲ್ಲ. ಆದ್ದರಿಂದಲೇ ಶ್ರವಣಬೆಳಗೊಳದ ನಿಸಿದಿಗೆಗಳು, ಸಲ್ಲೇಖನದಿಂದ ತಾನೇ ಆಹಾರವನ್ನು ತ್ಯಜಿಸಿ ತನ್ನ ಮರಣವನ್ನು ಸಾಧಿಸಿದವನ ವ್ರತವನ್ನು ಕೊಂಡಾಡುತ್ತವೆ.

ವೀರಶೈವರ ದಾರಿ ಇನ್ನೊಂದು. ಅಲ್ಲಿ ಶವವನ್ನು ಸುಡದೆ, ಪದ್ಮಾಸನದಲ್ಲಿ ಕುಳ್ಳಿರಿಸಿ, ವಿಭೂತಿ ಹಚ್ಚಿ, ಜೀವಮಾನವೆಲ್ಲ ಪೂಜಿಸಿದ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಸಮಾಧಿ ಮಾಡುತ್ತಾರೆ. ಶರಣನು ಲಿಂಗದಲ್ಲಿ ಐಕ್ಯನಾದಮೇಲೆ ಪ್ರೇತವೆಂಬ ನಡುವಣ ಅವಸ್ಥೆಯಿಲ್ಲ, ಸೂತಕವೂ ಇಲ್ಲ. ಅನ್ನದ ಪಿಂಡವನ್ನು ಬಿಟ್ಟ ಈ ಮಾರ್ಗವು ಶಬ್ದವನ್ನು ಮಾತ್ರ ಬಿಡಲಿಲ್ಲವೆಂಬುದು ನನಗೆ ಬಹಳ ಮಹತ್ತ್ವದ್ದಾಗಿ ತೋರುತ್ತದೆ: ಸಿದ್ಧಾಂತಶಿಖಾಮಣಿಯು ಎಣಿಸುವ ನೂರೊಂದು ಸ್ಥಲಗಳಲ್ಲಿ ಮೊದಲನೆಯದೇ ಪಿಂಡಸ್ಥಲ. ಅಲ್ಲಿ ಪಿಂಡವೆಂದರೆ ಹಲವು ಜನ್ಮಗಳ ಪುಣ್ಯದಿಂದ ಶುದ್ಧಾಂತಃಕರಣನಾದ ದೇಹಿ. ಮಗನು ದಡದ ಮೇಲೆ ಕಟ್ಟಿಕೊಡುತ್ತಿದ್ದ ಪಿಂಡವನ್ನು ಇಲ್ಲಿ ಸಾಧಕನು ಉಸಿರಿರುವಾಗಲೇ ತಾನಾಗಿ ಪಕ್ವಗೊಳಿಸಬೇಕಾಗಿದೆ.