ಫಸಲೇ ಬಾರದ ಅಡಿಕೆ ತೋಟಕ್ಕೆ ಬೆಲೆ ಎಷ್ಟು?

ರಸ್ತೆಗೆಂದು ಮೂರು ವರ್ಷದ ಅಡಿಕೆ ತೋಟ ಹೋಗುತ್ತದೆ ಅಂದುಕೊಳ್ಳಿ. ಇನ್ನೂ ಫಸಲಿಲ್ಲ, ಹಾಗಂತ ಬೆಲೆಯೂ ಇಲ್ಲವೇ? 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಜಮೀನಿನ ಜೊತೆಗೆ ಗಿಡಮರಗಳಿಗೂ ಬೆಲೆ ಕಟ್ಟಬೇಕು.

ಒಂದೆಕರೆಗೆ ಹೀಗಿಟ್ಟುಕೊಳ್ಳೋಣ: ಇನ್ನೆರಡು ವರ್ಷ ವರ್ಷಕ್ಕೆ 40,000 ರೂಪಾಯಿ ಖರ್ಚು, ಆಮೇಲೆ 30 ವರ್ಷ ವರ್ಷಕ್ಕೆ 1 ಲಕ್ಷ ನಿವ್ವಳ ಆದಾಯ, ಬಡ್ಡಿ ಶೇ. 10. ಕಾಯುವ ಎರಡು ವರ್ಷ ಮುಗಿದ ದಿನ ಆ ಆದಾಯದ ಒಟ್ಟು ಬೆಲೆ 9.43 ಲಕ್ಷ. ಅದನ್ನು 1.10ರಿಂದ ಎರಡು ಸಲ ಭಾಗಿಸಿದರೆ ಇವತ್ತಿಗೆ 7.79 ಲಕ್ಷ. ಖರ್ಚಿನ ಇವತ್ತಿನ ಬೆಲೆ 69,000 ಕಳೆದರೆ ಉಳಿಯೋದು 7.10 ಲಕ್ಷ.

ಬಡ್ಡಿ ಶೇ. 12 ಅಂದರೆ ಇದೇ ತೋಟ 5.75 ಲಕ್ಷಕ್ಕೆ ಇಳಿಯುತ್ತದೆ. ಹಾಗಾಗಿ ಮೊದಲು ಕೇಳಬೇಕಾದ್ದು, ಬಡ್ಡಿ ಎಷ್ಟು ಹಿಡಿದಿರಿ ಅಂತ. ಜಮೀನಿಗೆ ಬೇರೆ ಹಣ ಕೊಡುವಾಗ ಅದರ ಗೇಣಿಯನ್ನೂ ಖರ್ಚಿಗೆ ಸೇರಿಸಬೇಕು; ಇಲ್ಲದಿದ್ದರೆ ಜಮೀನನ್ನು ಎರಡು ಸಲ ಎಣಿಸಿದಂತೆ.