ವೃದ್ಧರಲ್ಲಿ ಬಹುಔಷಧ ಸೇವನೆ

ಬಹುಔಷಧ ಸೇವನೆ ಎಂದರೆ ಒಬ್ಬ ವ್ಯಕ್ತಿ ಒಂದೇ ಅವಧಿಯಲ್ಲಿ ಹಲವು ಔಷಧಗಳನ್ನು ನಿಯಮಿತವಾಗಿ ತೆಗೆದುಕೊಳ್ಳುವುದು. ಇಂಗ್ಲಿಷಿನಲ್ಲಿ ಇದಕ್ಕೆ ಪಾಲಿಫಾರ್ಮಸಿ ಎಂಬ ಹೆಸರಿದೆ. ಸಾಮಾನ್ಯವಾಗಿ ಐದು ಅಥವಾ ಅದಕ್ಕಿಂತ ಹೆಚ್ಚು ಔಷಧಗಳಿದ್ದರೆ ಈ ಪದವನ್ನು ಬಳಸುತ್ತಾರೆ. ಆದರೆ ಸಂಖ್ಯೆಯೊಂದೇ ದೋಷವಲ್ಲ. ಹೃದಯಾಘಾತವಾದವರಿಗೆ ಐದು ಮಾತ್ರೆಗಳೂ ಅಗತ್ಯವಾಗಿರಬಹುದು. ಎರಡೇ ಮಾತ್ರೆ ನುಂಗುವವರಿಗೆ ಅವುಗಳಲ್ಲೊಂದು ಹಾನಿ ಮಾಡುತ್ತಿರಬಹುದು. ಅಗತ್ಯ ಮುಗಿದ ಅಥವಾ ಲಾಭಕ್ಕಿಂತ ಹಾನಿ ಹೆಚ್ಚಾದ ಔಷಧಗಳನ್ನು ವೈದ್ಯರ ನಿಗಾದಲ್ಲಿ ಕ್ರಮವಾಗಿ ಇಳಿಸುವುದಕ್ಕೆ ಡಿಪ್ರಿಸ್ಕ್ರೈಬಿಂಗ್, ಅಂದರೆ ಔಷಧ ಇಳಿಕೆ, ಎನ್ನುತ್ತಾರೆ.

ವೃದ್ಧಾಪ್ಯದಲ್ಲಿ ದೇಹದ ಬದಲಾವಣೆ

ವಯಸ್ಸಾದಂತೆ ಮೂತ್ರಪಿಂಡಗಳ ಶೋಧಿಸುವ ಶಕ್ತಿ ಕುಗ್ಗುತ್ತದೆ. ಹೀಗಾಗಿ ಕೆಲವು ಔಷಧಗಳು ದೇಹದಿಂದ ಹೊರಹೋಗಲು ಹೆಚ್ಚು ಕಾಲ ಹಿಡಿಯುತ್ತದೆ. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಪ್ರಮಾಣ ಸರಿಯಾಗಿಯೇ ಕಾಣಬಹುದು. ವೃದ್ಧರಲ್ಲಿ ಮಾಂಸಖಂಡ ಕಡಿಮೆ ಇರುವುದರಿಂದ ಆ ಅಂಕಿ ಮೂತ್ರಪಿಂಡದ ನಿಜಸ್ಥಿತಿಯನ್ನು ಮರೆಮಾಚುವುದುಂಟು. ದೇಹದಲ್ಲಿ ನೀರಿನ ಅಂಶ ಇಳಿದು ಕೊಬ್ಬಿನ ಪಾಲು ಏರುವುದರಿಂದ ಡಯಾಜೆಪಾಮ್‌ನಂತಹ ನಿದ್ರೆಯ ಮಾತ್ರೆಗಳು ದಿನಗಟ್ಟಲೆ ದೇಹದಲ್ಲಿ ಉಳಿಯುತ್ತವೆ. ಎದ್ದು ನಿಂತಾಗ ರಕ್ತದೊತ್ತಡವನ್ನು ಕೂಡಲೇ ಸರಿಪಡಿಸಿಕೊಳ್ಳುವ ಚುರುಕೂ ದೇಹದಲ್ಲಿ ಉಳಿದಿರುವುದಿಲ್ಲ.

ಔಷಧಗಳ ಸರಪಳಿ

ಒಂದು ಔಷಧದ ಅಡ್ಡಪರಿಣಾಮವನ್ನು ಹೊಸ ಕಾಯಿಲೆಯೆಂದು ತಿಳಿದು ಅದಕ್ಕೆ ಮತ್ತೊಂದು ಔಷಧ ಕೊಡುವುದನ್ನು ಔಷಧಗಳ ಸರಪಳಿ ಎನ್ನಬಹುದು. ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ರಾಮಾಪುರದಂತಹ ಊರುಗಳಲ್ಲಿ ಇದು ಹೇಗೆ ಬೆಳೆಯಬಲ್ಲದು ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು.

ಎಪ್ಪತ್ತೈದು ವರ್ಷದ ಒಬ್ಬ ಮಹಿಳೆಗೆ ಊರಿನ ಆಸ್ಪತ್ರೆಯಲ್ಲಿ ಬಿ.ಪಿ.ಗೆಂದು ಆಮ್ಲೋಡಿಪಿನ್ ಕೊಡಲಾಗುತ್ತದೆ. ಪ್ರಮಾಣ 5 ಮಿ.ಗ್ರಾಂನಿಂದ 10 ಮಿ.ಗ್ರಾಂಗೆ ಏರಿದ ಕೆಲವು ವಾರಗಳಲ್ಲಿ ಎರಡೂ ಪಾದಗಳು ಊದಿಕೊಳ್ಳುತ್ತವೆ. ಇದು ಆ ಮಾತ್ರೆಯ ಪರಿಚಿತ ಅಡ್ಡಪರಿಣಾಮ. ಆದರೆ ಆಕೆ ಊತ ತೋರಿಸಲು ಹೋಗುವುದು ಕೊಳ್ಳೇಗಾಲದ ಬೇರೊಬ್ಬ ವೈದ್ಯರ ಬಳಿಗೆ. ಹಳೆಯ ಚೀಟಿ ಮನೆಯಲ್ಲೇ ಉಳಿದಿರುತ್ತದೆ. ಅಲ್ಲಿ ಮೂತ್ರ ಹೆಚ್ಚಿಸುವ ಫ್ಯೂರೋಸಮೈಡ್ ಸೇರುತ್ತದೆ. ಈ ಊತಕ್ಕೆ ಕಾರಣ ದೇಹದಲ್ಲಿ ನೀರು ಹೆಚ್ಚಾದದ್ದಲ್ಲ, ಸೂಕ್ಷ್ಮ ರಕ್ತನಾಳಗಳಿಂದ ದ್ರವ ಸೋರುವುದು. ಆದ್ದರಿಂದ ಊತ ಅಷ್ಟಾಗಿ ಇಳಿಯುವುದಿಲ್ಲ. ದೇಹದ ನೀರು ಮತ್ತು ಲವಣ ಮಾತ್ರ ಕಡಿಮೆಯಾಗಿ, ಎದ್ದು ನಿಂತರೆ ತಲೆ ಸುತ್ತತೊಡಗುತ್ತದೆ.

ತಲೆಸುತ್ತಿಗೆ ಹನೂರಿನ ಕ್ಲಿನಿಕ್ಕಿನಲ್ಲಿ ಪ್ರೊಕ್ಲೋರ್‌ಪೆರಜಿನ್ ಸಿಗುತ್ತದೆ. ಕೆಲವೇ ದಿನಗಳಿಗೆ ಬರೆದ ಮಾತ್ರೆ, ಖಾಲಿ ಸ್ಟ್ರಿಪ್ ತೋರಿಸಿ ಮೆಡಿಕಲ್ ಸ್ಟೋರಿನಲ್ಲಿ ಕೊಂಡದ್ದರಿಂದ ತಿಂಗಳುಗಟ್ಟಲೆ ಮುಂದುವರಿಯುತ್ತದೆ. ಇದು ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುವುದರಿಂದ ಕೈ ನಡುಗುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ, ಮುಖದ ಭಾವ ಮಂಕಾಗುತ್ತದೆ. ನೋಡಿದವರಿಗೆ ಇದು ಪಾರ್ಕಿನ್‌ಸನ್ ಕಾಯಿಲೆಯಂತೆಯೇ ತೋರುತ್ತದೆ. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್ ಕೂಡ ಹೀಗೆಯೇ ಮಾಡಬಲ್ಲದು. ನಡುಕಕ್ಕೆಂದು ಮೈಸೂರಿನಲ್ಲಿ ಟ್ರೈಹೆಕ್ಸಿಫೆನಿಡಿಲ್ ಆರಂಭವಾಗುತ್ತದೆ. ಅದು ಬಾಯಿ ಒಣಗಿಸಿ, ಮಲಬದ್ಧತೆ ತಂದು, ವೃದ್ಧರ ನೆನಪು ಮತ್ತು ಗಮನವನ್ನು ಕದಡುತ್ತದೆ. ಅಷ್ಟರಲ್ಲಿ ನಿದ್ದೆಗೆಂದು ಆಲ್‌ಪ್ರಜೋಲಾಮ್ ಕೂಡ ಸೇರಿರುತ್ತದೆ.

ಒಂದು ರಾತ್ರಿ ಮೂತ್ರಕ್ಕೆಂದು ಎದ್ದ ಆಕೆ ಹಿತ್ತಿಲ ಬಾಗಿಲಲ್ಲಿ ಬೀಳುತ್ತಾಳೆ. ತೀರಿಹೋದ ಗಂಡನನ್ನು ಕರೆಯುತ್ತಾಳೆ, ಹಗಲು ರಾತ್ರಿಯ ಪರಿವೆ ತಪ್ಪುತ್ತದೆ. ಮನೆಯವರು ಅರಳುಮರಳು ಎಂದು ಸುಮ್ಮನಾಗುತ್ತಾರೆ. ಈ ಸರಪಳಿಯಲ್ಲಿ ಯಾವ ವೈದ್ಯರೂ ಅಸಂಬದ್ಧವಾದದ್ದನ್ನು ಬರೆದಿಲ್ಲ. ಐದೂ ಮಾತ್ರೆಗಳನ್ನು ಒಟ್ಟಿಗೆ ನೋಡಿದವರೊಬ್ಬರೂ ಇರಲಿಲ್ಲ, ಅಷ್ಟೆ.

ಅರಳುಮರಳು ಮತ್ತು ಔಷಧಜನ್ಯ ಗೊಂದಲ

ಮರೆಗುಳಿತನ ತಿಂಗಳು ವರ್ಷಗಳಲ್ಲಿ ನಿಧಾನವಾಗಿ ಬೆಳೆಯುತ್ತದೆ. ಔಷಧದಿಂದ ಬರುವ ಗೊಂದಲ ಸಾಮಾನ್ಯವಾಗಿ ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಕಾಣಿಸಿಕೊಂಡು, ಬೆಳಿಗ್ಗೆ ತಿಳಿಯಾಗಿ ಸಂಜೆ ಹೆಚ್ಚಾಗುವಂತೆ ಏರಿಳಿಯುತ್ತದೆ. ಎಲ್ಲರೂ ಕೂಗಾಡುವುದಿಲ್ಲ. ಕೆಲವರು ಮಂಕಾಗಿ ಮಲಗಿಬಿಡುತ್ತಾರೆ, ಅಂಥವರ ಸ್ಥಿತಿ ಯಾರ ಗಮನಕ್ಕೂ ಬಾರದೆ ಹೋಗುತ್ತದೆ. ಹಠಾತ್ ಗೊಂದಲ ಕಂಡಾಗ ಹೊಸ ಮಾತ್ರೆ ಯಾವುದು, ಯಾವುದರ ಪ್ರಮಾಣ ಏರಿದೆ ಎಂದು ಕೇಳುವುದರ ಜೊತೆಗೆ ರಕ್ತದ ಸಕ್ಕರೆ, ಸೋಡಿಯಂ ಮತ್ತು ಸೋಂಕನ್ನೂ ಅದೇ ದಿನ ಪರೀಕ್ಷಿಸಬೇಕಾಗುತ್ತದೆ. ಬಿದ್ದಾಗ ತಲೆಗೆ ಪೆಟ್ಟಾಗಿದ್ದರೆ ಅದನ್ನೂ ನೋಡಬೇಕು.

ಬೀಳುವಿಕೆಯ ಕಾರಣ ತಿಳಿಯಲು ಸರಳ ವಿಧಾನವೊಂದಿದೆ. ಐದು ನಿಮಿಷ ಮಲಗಿಸಿ ಬಿ.ಪಿ. ಅಳೆದು, ನಿಂತ ಬಳಿಕ ಮೂರು ನಿಮಿಷದೊಳಗೆ ಮತ್ತೆ ಅಳೆಯುವುದು. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ, ಕುಳಿತಾಗ ಸರಿ ಕಾಣುವ ಬಿ.ಪಿ. ನಿಂತಾಗ ಕುಸಿಯುತ್ತಿದೆ ಎಂದರ್ಥ.

ಔಷಧ ಇಳಿಕೆಯ ಕ್ರಮ

ಮೊದಲ ಹೆಜ್ಜೆ ಮನೆಯಲ್ಲಿರುವ ಎಲ್ಲ ಔಷಧಗಳನ್ನೂ ಒಂದು ಚೀಲಕ್ಕೆ ಹಾಕಿ ವೈದ್ಯರ ಮುಂದೆ ಸುರಿಯುವುದು. ನೆಗಡಿ ಮಾತ್ರೆ, ನೋವಿನ ಮಾತ್ರೆ, ನಾಟಿ ಔಷಧ ಎಲ್ಲವೂ ಅದರಲ್ಲಿರಬೇಕು. ಒಂದೇ ಔಷಧ ಎರಡು ಕಂಪನಿಯ ಹೆಸರುಗಳಲ್ಲಿ ಸೇರಿಕೊಂಡಿರುವುದು ಇಲ್ಲಿ ಬಯಲಾಗುತ್ತದೆ. ಜನೌಷಧಿ ಕೇಂದ್ರದ ಮಾತ್ರೆಯೊಂದಿಗೆ ಅದೇ ಔಷಧದ ಹಳೆಯ ಬ್ರಾಂಡನ್ನೂ ನುಂಗುವುದು ಇಂಥದ್ದೇ ಪ್ರಮಾದ. ಆಮೇಲೆ ಪ್ರತಿ ಔಷಧಕ್ಕೂ ಅದು ಯಾವ ಕಾಯಿಲೆಗೆ, ಆ ಕಾರಣ ಇಂದೂ ಇದೆಯೇ ಎಂದು ಕೇಳಲಾಗುತ್ತದೆ. ಅಮೆರಿಕದ ಮಾರ್ಕ್ ಬಿಯರ್ಸ್ 1991ರಲ್ಲಿ ಆರಂಭಿಸಿದ, ವೃದ್ಧರಿಗೆ ತಕ್ಕುದಲ್ಲದ ಔಷಧಗಳ ಪಟ್ಟಿ ಈ ಕೆಲಸಕ್ಕೆ ನೆರವಾಗುತ್ತದೆ.

ಮೇಲಿನ ಉದಾಹರಣೆಯಲ್ಲಿ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಬಿಡಿಸಲಾಗುತ್ತದೆ. ಹೆಚ್ಚು ಹಾನಿ ಮಾಡುತ್ತಿರುವ ಪ್ರೊಕ್ಲೋರ್‌ಪೆರಜಿನ್ ಮೊದಲು ನಿಲ್ಲುತ್ತದೆ. ಟ್ರೈಹೆಕ್ಸಿಫೆನಿಡಿಲ್ ಪ್ರಮಾಣ ಹಂತಹಂತವಾಗಿ ಇಳಿಯುತ್ತದೆ. ನಡುಕ ಹೋಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಆಮೇಲೂ ಉಳಿದರೆ ನಿಜವಾದ ಪಾರ್ಕಿನ್‌ಸನ್ ಇರಬಹುದು. ಆಮ್ಲೋಡಿಪಿನ್ ಕಡಿಮೆ ಮಾಡಿ ಅಥವಾ ಬದಲಿಸಿ, ಹೃದಯ ವೈಫಲ್ಯ ಇಲ್ಲವೆಂದು ಖಚಿತವಾದರೆ ಫ್ಯೂರೋಸಮೈಡನ್ನು ಬಿಡಿಸುತ್ತಾರೆ. ಆಲ್‌ಪ್ರಜೋಲಾಮ್‌ಗೆ ಹೆಚ್ಚು ತಾಳ್ಮೆ ಬೇಕು. ಎರಡು ವಾರಕ್ಕೊಮ್ಮೆ ಸುಮಾರು ಕಾಲು ಭಾಗದಂತೆ, ಕೊನೆಗೆ ಇನ್ನೂ ನಿಧಾನವಾಗಿ ಇಳಿಸುವುದು ರೂಢಿ. ಒಮ್ಮೆಲೇ ಬಿಟ್ಟರೆ ನಿದ್ದೆಗೆಡುವುದು, ತಳಮಳ, ಅಪರೂಪಕ್ಕೆ ಫಿಟ್ಸ್ ಕೂಡ ಬರಬಹುದು. ಎರಡು ಔಷಧಗಳನ್ನು ಒಟ್ಟಿಗೆ ಬದಲಿಸಿದರೆ ಲಾಭವಾಗಲಿ ತೊಂದರೆಯಾಗಲಿ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ತುರ್ತು ಇಲ್ಲದಿದ್ದಾಗ ಒಂದೊಂದನ್ನೇ ಮುಟ್ಟುವುದಕ್ಕೆ ಇದೇ ಕಾರಣ.

ಮಿತಿಗಳು

ಔಷಧ ಇಳಿಕೆ ಎಂದರೆ ರೋಗಿಯೋ ಮನೆಯವರೋ ತಾವಾಗಿಯೇ ಮಾತ್ರೆ ಬಿಡುವುದಲ್ಲ. ಅಟೆನೋಲಾಲ್, ಮೆಟೊಪ್ರೊಲಾಲ್, ಸ್ಟೀರಾಯ್ಡ್, ಫಿಟ್ಸ್ ಮಾತ್ರೆಗಳನ್ನು ಏಕಾಏಕಿ ನಿಲ್ಲಿಸುವುದು ಅಪಾಯಕರ. ಆಮ್ಲ ತಗ್ಗಿಸುವ ಮಾತ್ರೆಯನ್ನು ನಿಲ್ಲಿಸಿದ ಮೇಲೆ ಕೆಲವು ದಿನ ಎದೆಯುರಿ ಹೆಚ್ಚಬಹುದು. ಅದನ್ನು ಕಂಡು ಮಾತ್ರೆ ಬೇಕೇ ಬೇಕೆಂದು ತೀರ್ಮಾನಿಸುವವರೇ ಹೆಚ್ಚು.

ಇಳಿಸಿದ ಔಷಧ ಮರಳಿ ಬರುವುದೂ ಸಾಮಾನ್ಯ. 1999ರಲ್ಲಿ ಪ್ರಕಟವಾದ ನ್ಯೂಜಿಲ್ಯಾಂಡಿನ ಅಧ್ಯಯನವೊಂದರಲ್ಲಿ ನಿದ್ರೆಯ ಮಾತ್ರೆಯಂತಹ ಔಷಧಗಳನ್ನು ನಿಧಾನವಾಗಿ ಬಿಡಿಸಿದಾಗ ವೃದ್ಧರು ಬೀಳುವ ಪ್ರಮಾಣ ಸುಮಾರು ಮೂರನೇ ಎರಡರಷ್ಟು ಇಳಿಯಿತು. ಆದರೆ ಅಧ್ಯಯನ ಮುಗಿದ ಒಂದು ತಿಂಗಳೊಳಗೆ ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮತ್ತೆ ಮಾತ್ರೆ ಆರಂಭಿಸಿದ್ದರು. 2014ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಇಂಥ ಮಾತ್ರೆ ನುಂಗುವ ವೃದ್ಧರಿಗೆ, ಅದರ ಅಪಾಯವನ್ನೂ ಬಿಡುವ ಕ್ರಮವನ್ನೂ ತಿಳಿಸುವ ಕಿರುಪುಸ್ತಿಕೆಯನ್ನು ಕೊಟ್ಟು ನೋಡಲಾಯಿತು. ಆರು ತಿಂಗಳಲ್ಲಿ ಪುಸ್ತಿಕೆ ಪಡೆದವರಲ್ಲಿ ಶೇ. 27ರಷ್ಟು ಜನ, ಪಡೆಯದವರಲ್ಲಿ ಶೇ. 5ರಷ್ಟು ಜನ ಮಾತ್ರೆಯನ್ನು ಪೂರ್ತಿಯಾಗಿ ಬಿಟ್ಟಿದ್ದರು.